ಹಿಂದೆ ಸರಿದ ಗದ್ದ: ಮೊದಲು ನೋಡಬೇಕಾದದ್ದು ಹಲ್ಲುಸಾಲು

ಮುಖವನ್ನು ಪಕ್ಕದಿಂದ ನೋಡಿದಾಗ ಗದ್ದ ಹಿಂದೆ ಸರಿದಂತೆ ಕಾಣುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿದ್ದು, ಎರಡಕ್ಕೂ ಒಂದೇ ಚಿಕಿತ್ಸೆ ಸಲ್ಲುವುದಿಲ್ಲ. ಕೆಲವರಲ್ಲಿ ಕೆಳದವಡೆ ತನ್ನ ಸ್ಥಾನದಲ್ಲಿಯೇ ಇದ್ದು, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುತ್ತಿದ್ದರೂ ದವಡೆಯ ತುದಿಯ ಎಲುಬು ಮಾತ್ರ ಚಿಕ್ಕದಾಗಿರುತ್ತದೆ. ಇನ್ನು ಕೆಲವರಲ್ಲಿ ಇಡೀ ಕೆಳದವಡೆಯೇ ಗಿಡ್ಡವಾಗಿ ಬೆಳೆದಿದ್ದು, ಅದರೊಂದಿಗೆ ಕೆಳಹಲ್ಲು, ಕೆಳತುಟಿ ಮತ್ತು ಗದ್ದ ಮೂರೂ ಹಿಂದೆ ಉಳಿದಿರುತ್ತವೆ. ಬಾಯಿ ಮುಚ್ಚಿ ಹಿಂದಿನ ಹಲ್ಲುಗಳನ್ನು ಕಚ್ಚಿದಾಗ ಮೇಲಿನ ಮುಂಹಲ್ಲು ಕೆಳಗಿನ ಮುಂಹಲ್ಲಿಗಿಂತ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಮುಂದಿರಬೇಕು. ಆ ಅಂತರ 7–8 ಮಿಲಿಮೀಟರ್ ದಾಟಿದೆ ಎಂದಾದರೆ ದೋಷ ಗದ್ದದ್ದಲ್ಲ, ದವಡೆಯದ್ದಾಗಿರುವ ಸಂಭವವೇ ಹೆಚ್ಚು. ತಲೆಯನ್ನು ನಿಗದಿತ ಭಂಗಿಯಲ್ಲಿ ನಿಲ್ಲಿಸಿ ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್ ಎಂಬ ಎಕ್ಸ್‌ರೇಯಿಂದ ಇದನ್ನು ಅಳೆದು ನಿರ್ಧರಿಸಲಾಗುತ್ತದೆ.

ಇದನ್ನು ಸ್ಪಷ್ಟಪಡಿಸಲು ಕಮಲಾಪುರದ 22 ವರ್ಷದ ಯುವತಿಯೊಬ್ಬಳ ಕಲ್ಪಿತ ಪ್ರಕರಣವನ್ನು ಅಂಕಿಗಳ ಸಮೇತ ಪರಿಶೀಲಿಸಬಹುದು. ಆಕೆಯ ಮುಂಹಲ್ಲುಗಳ ಅಂತರ 9 ಮಿಲಿಮೀಟರ್. ತುಟಿ ಮುಚ್ಚಬೇಕಾದರೆ ಗದ್ದದ ಸ್ನಾಯುವನ್ನು ಬಿಗಿಹಿಡಿಯಬೇಕಾಗಿ, ಅಲ್ಲಿಯ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ. ರಾತ್ರಿ ಗೊರಕೆಯೂ ಉಂಟು. ಮದುವೆಯ ಫೋಟೊ ತೆಗೆಸುವ ದಿನ ಸಮೀಪಿಸಿರುವುದರಿಂದ ಆಕೆ ಫಿಲ್ಲರ್ ಬಯಸುತ್ತಾಳೆ.

ಫಿಲ್ಲರ್ ಎಂದರೆ ಹೆಚ್ಚಾಗಿ ಹಯಲ್ಯುರಾನಿಕ್ ಆಮ್ಲದ ಜೆಲ್. ದೇಹದಲ್ಲಿ ಸಹಜವಾಗಿಯೇ ಇರುವ ಈ ವಸ್ತುವನ್ನು ಗಟ್ಟಿಗೊಳಿಸಿ, ಎಲುಬಿನ ಮೇಲೆ ಸೂಜಿಯಿಂದ ಸೇರಿಸಲಾಗುತ್ತದೆ. ಒಂದೆರಡು ಮಿಲಿಲೀಟರ್‌ನಿಂದ ಗದ್ದ ಕೆಲವೇ ಮಿಲಿಮೀಟರ್ ಮುಂದೆ ಬರುತ್ತದೆ, ಸುಮಾರು ಒಂದು ವರ್ಷದ ಅವಧಿಯಲ್ಲಿ ಜೆಲ್ ಕ್ರಮೇಣ ಕರಗುತ್ತದೆ. ಈ ಯುವತಿಯಲ್ಲಿ ಅದರಿಂದ ಫೋಟೊ ಸ್ವಲ್ಪ ಸುಧಾರಿಸಬಹುದಾದರೂ ಹಲ್ಲುಗಳ ಅಂತರ 9 ಮಿಲಿಮೀಟರ್ ಆಗಿಯೇ ಉಳಿಯುತ್ತದೆ, ಗೊರಕೆಯೂ ಉಳಿಯುತ್ತದೆ. ಆರು ಮಿಲಿಮೀಟರ್ ದಪ್ಪದ ಸಿಲಿಕೋನ್ ಇಂಪ್ಲಾಂಟ್ ಕೂಡಿಸಿದರೂ ಸ್ಥಿತಿ ಹೆಚ್ಚು ಬೇರೆಯಲ್ಲ. ಕೆಳತುಟಿ ಹಿಂದೆಯೇ ನಿಂತು ಗದ್ದ ಮಾತ್ರ ಮುಂದೆ ಬರುವುದರಿಂದ ಇವೆರಡರ ನಡುವಿನ ಗೆರೆ ಆಳವಾಗಿ, ಮುಖಕ್ಕೆ ಅಂಟಿಸಿದಂಥ ನೋಟ ಬರುತ್ತದೆ.

ಇಂಥ ಮುಖಕ್ಕೆ ಒಗ್ಗುವುದು ದವಡೆಯ ಶಸ್ತ್ರಚಿಕಿತ್ಸೆ. ಅದರ ದಾರಿ ಮಾತ್ರ ಉದ್ದ. ದವಡೆ ಹಿಂದಿರುವಾಗ ಕೆಳಗಿನ ಮುಂಹಲ್ಲುಗಳು ಕೊರತೆ ತುಂಬಲೆಂಬಂತೆ ಮುಂದಕ್ಕೆ ವಾಲಿರುತ್ತವೆಯಾದ್ದರಿಂದ, ಒಂದರಿಂದ ಒಂದೂವರೆ ವರ್ಷ ಕ್ಲಿಪ್ ಹಾಕಿ ಮೊದಲು ಅವುಗಳನ್ನು ನೆಟ್ಟಗೆ ನಿಲ್ಲಿಸಬೇಕು. ಆಗ ಅಂತರ 9ರಿಂದ 11 ಮಿಲಿಮೀಟರ್‌ಗೆ ಏರಿ, ಮುಖ ಮೊದಲಿಗಿಂತ ಕೆಟ್ಟಂತೆ ಕಾಣುತ್ತದೆ. ಇದನ್ನು ಮುಂಚಿತವಾಗಿ ತಿಳಿಸದಿದ್ದರೆ ಕುಟುಂಬದವರು ನಡುವೆಯೇ ಚಿಕಿತ್ಸೆ ಬಿಡುವ ಅಪಾಯವಿದೆ. ಅನಂತರ ಪೂರ್ಣ ಅರಿವಳಿಕೆಯಲ್ಲಿ, ಬಾಯೊಳಗಿನಿಂದಲೇ, ದವಡೆಯ ಎರಡೂ ಬದಿಯ ಹಿಂಭಾಗವನ್ನು ಉದ್ದಕ್ಕೆ ಎರಡು ಪದರಗಳಾಗಿ ಸೀಳಿ, ಹಲ್ಲಿರುವ ಭಾಗವನ್ನು ಸುಮಾರು 8 ಮಿಲಿಮೀಟರ್ ಮುಂದೆ ಸರಿಸಿ, ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ಟ್ರೌನರ್ ಮತ್ತು ಒಬ್ವೆಗೆಸರ್ 1957ರಲ್ಲಿ ವಿವರಿಸಿದ ವಿಧಾನವೇ, ಹಲವು ತಿದ್ದುಪಡಿಗಳೊಂದಿಗೆ, ಇಂದಿಗೂ ಇದರ ಆಧಾರವಾಗಿದೆ. ಗದ್ದದ ಚರ್ಮವೂ ಎಲುಬಿನ ಜೊತೆ ಬಹುತೇಕ ಅಷ್ಟೇ ಮುಂದೆ ಬರುತ್ತದೆ. ನಾಲಿಗೆಯ ಬುಡ ಮುಂದೆ ಸರಿಯುವುದರಿಂದ ಉಸಿರಿನ ದಾರಿಯೂ ಹಿಗ್ಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಅಷ್ಟೇ ನೇರವಾಗಿ ಹೇಳಬೇಕಾಗುತ್ತದೆ. ಕೆಳತುಟಿಗೆ ಸ್ಪರ್ಶ ಕೊಡುವ ನರ ಸೀಳುವ ಎಲುಬಿನೊಳಗೇ ಹಾಯುವುದರಿಂದ, ಶಸ್ತ್ರಚಿಕಿತ್ಸೆಯ ಬಳಿಕ ತುಟಿ ಮತ್ತು ಗದ್ದ ಜೋಮು ಹಿಡಿಯುವುದು ಸಾಮಾನ್ಯ. ಹೆಚ್ಚಿನವರಲ್ಲಿ ಅದು ತಿಂಗಳುಗಳಲ್ಲಿ ಇಳಿದರೂ ಕೆಲವರಲ್ಲಿ ಅಷ್ಟಿಷ್ಟು ಶಾಶ್ವತವಾಗಿ ಉಳಿದು, ಬಿಸಿ ಚಹಾ ತುಟಿ ಸುಟ್ಟರೂ ತಿಳಿಯದಂತಾಗುತ್ತದೆ. ಮೊದಲ ದಿನಗಳಲ್ಲಿ ಗಂಜಿ, ಅಂಬಲಿ, ಅನಂತರ ಕಿವುಚಿದ ಅನ್ನ ಮತ್ತು ಬಾಳೆಹಣ್ಣು. ಸುಮಾರು ಆರು ವಾರ ಕಡಕ್ ಜೋಳದ ರೊಟ್ಟಿ ಕಡಿಯುವಂತಿಲ್ಲ. ಕೆಲವರಲ್ಲಿ, ಅದರಲ್ಲೂ ಯುವತಿಯರಲ್ಲಿ, ಕಿವಿಯ ಮುಂದಿನ ದವಡೆಕೀಲಿನ ಎಲುಬಿನ ತುದಿ ತಿಂಗಳುಗಳ ಬಳಿಕ ಸವೆದು ಗದ್ದ ಮತ್ತೆ ಹಿಂದೆ ಜಾರುವುದುಂಟು. ಸರಿಯಾಗಿ ಕೂಡುತ್ತಿದ್ದ ಮುಂಹಲ್ಲುಗಳ ನಡುವೆ ನಿಧಾನವಾಗಿ ಸಂದು ತೆರೆಯುತ್ತಿದ್ದರೆ ಅದು ಇದರ ಸೂಚನೆ.

ಇನ್ನು ಹಲ್ಲುಗಳು ಸರಿಯಾಗಿ ಕೂಡಿದ್ದು, ಗದ್ದ ಮಾತ್ರ 5 ಮಿಲಿಮೀಟರ್ ಹಿಂದಿರುವ ಕಲಬುರಗಿಯ ಯುವಕನೊಬ್ಬನಿಗೆ ಇಷ್ಟೆಲ್ಲ ಬೇಕಿಲ್ಲ. ಅಂಥವನಿಗೆ ಜೀನಿಯೋಪ್ಲಾಸ್ಟಿ, ಎಂದರೆ ಗದ್ದದ ತುದಿಯೆಲುಬನ್ನಷ್ಟೇ ಹಲ್ಲಿನ ಬೇರುಗಳ ಕೆಳಗೆ ಅಡ್ಡಡ್ಡ ಕೊಯ್ದು ಮುಂದೆ ಸರಿಸಿ ಬಿಗಿಯುವ ಕ್ರಮ, ಅತ್ಯಂತ ಬಾಳಿಕೆಯದು. ಅಲ್ಲಿ ಕೂಡುವುದು ಅವನದೇ ಎಲುಬಾದ್ದರಿಂದ ಸ್ಥಾನ ತಪ್ಪುವ ಭಯ ಕಡಿಮೆ. ಎತ್ತರದ ಕೊರತೆಯನ್ನೂ ಓರೆಯನ್ನೂ ಒಟ್ಟಿಗೇ ತಿದ್ದಬಹುದು. ಇಂಪ್ಲಾಂಟ್ ಇದಕ್ಕಿಂತ ಸರಳ ಶಸ್ತ್ರಚಿಕಿತ್ಸೆಯಾಗಿದ್ದು, ಬೇಡವಾದರೆ ತೆಗೆಯಲೂಬಹುದು. ಆದರೆ ಸೋಂಕು ತಗುಲಬಹುದು, ಸರಿದು ಓರೆಯಾಗಬಹುದು, ಮತ್ತು ಗಟ್ಟಿ ಬುಡದೆಲುಬಿನ ಮೇಲಲ್ಲದೆ ಎತ್ತರಕ್ಕೆ, ಹಲ್ಲಿನ ಬೇರುಗಳ ಹತ್ತಿರ ಕುಳಿತರೆ ಕೆಳಗಿನ ಎಲುಬನ್ನೇ ತಿನ್ನಬಹುದು. ಫಿಲ್ಲರ್ ಕೂಡ ಇಲ್ಲಿ ಒಪ್ಪತಕ್ಕ ಆಯ್ಕೆಯೇ, ಅದರಲ್ಲೂ ಶಾಶ್ವತ ಬದಲಾವಣೆಗೆ ಮುನ್ನ ನೋಟವನ್ನು ಪರೀಕ್ಷಿಸಿ ನೋಡಬಯಸುವವರಿಗೆ.

ಆದರೆ ಸೂಜಿಯನ್ನು ಹಗುರವಾಗಿ ಎಣಿಸಬಾರದು. ಜೆಲ್ ರಕ್ತನಾಳದೊಳಗೆ ಹೊಕ್ಕರೆ ಆ ನಾಳ ಪೋಷಿಸುವ ಚರ್ಮ ಸಾಯತೊಡಗುತ್ತದೆ. ಅಪರೂಪಕ್ಕೆ ಮುಖದ ಫಿಲ್ಲರ್‌ನಿಂದ ದೃಷ್ಟಿಯೇ ಹೋದದ್ದುಂಟು. ಚುಚ್ಚಿದ ಜಾಗ ತಟ್ಟನೆ ಬಿಳಿಚುವುದು, ಬಳಿಕ ಬಲೆಯಂಥ ನೀಲಿ-ನೇರಳೆ ಕಲೆ ಹರಡುವುದು, ನೋವು ಏರುತ್ತಲೇ ಹೋಗುವುದು, ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು ಇದರ ಗುರುತು. ಹಯಲ್ಯುರೊನಿಡೇಸ್ ಎಂಬ ಕರಗಿಸುವ ಕಿಣ್ವವನ್ನು ತಡಮಾಡದೆ ಚುಚ್ಚುವುದೇ ಇದರ ಮದ್ದು. ಆ ಔಷಧ ಕೈಯಳತೆಯಲ್ಲಿಲ್ಲದ ಕಡೆ, ವೈದ್ಯರಲ್ಲದವರ ಕೈಯಲ್ಲಿ, ಬ್ಯೂಟಿ ಪಾರ್ಲರ್‌ನಲ್ಲಿ ಫಿಲ್ಲರ್ ಹಾಕಿಸಿಕೊಂಡು ಸಂಜೆ ಬಸ್ಸಿನಲ್ಲಿ ಕಮಲಾಪುರಕ್ಕೆ ಮರಳುವುದು ನಿಜಕ್ಕೂ ಅಪಾಯಕಾರಿ.

ಹಲ್ಲುಸಾಲಿನ ತಜ್ಞರೂ ದವಡೆಯ ಶಸ್ತ್ರವೈದ್ಯರೂ ಒಂದೇ ಕಟ್ಟಡದಲ್ಲಿ ಸಿಗುವ ದಂತ ಕಾಲೇಜುಗಳು ಕಲಬುರಗಿಯಲ್ಲೇ ಇವೆ: ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ, ಅಲ್-ಬದರ್ ಗ್ರಾಮೀಣ ದಂತ ಕಾಲೇಜು, ಇಎಸ್‌ಐಸಿ ದಂತ ಕಾಲೇಜು. ಅಭಿಪ್ರಾಯ ಪಡೆಯಲು ಮೊದಲು ಹೋಗಬೇಕಾದದ್ದು ಇಂಥಲ್ಲಿಗೆ, ಅದೂ ಸಾಧ್ಯವಾದರೆ ಬಾಲ್ಯದಲ್ಲೇ. ಬೆಳವಣಿಗೆ ವೇಗವಾಗಿರುವ 11ರಿಂದ 13ರ ಸುಮಾರಿಗೆ ಟ್ವಿನ್ ಬ್ಲಾಕ್‌ನಂಥ, ಕೆಳದವಡೆಯನ್ನು ಮುಂದೆ ಹಿಡಿದಿಡುವ ತೆಗೆದುಹಾಕಬಹುದಾದ ಸಾಧನದಿಂದ ಮುಂಹಲ್ಲುಗಳ ಅಂತರವನ್ನು ಗಣನೀಯವಾಗಿ ತಗ್ಗಿಸಬಹುದು. ಅದಕ್ಕೆ ಹಲ್ಲುಗಳ ಸರಿಯುವಿಕೆಯೇ ಹೆಚ್ಚು ಕಾರಣವಾದರೂ ಮುಂದೆ ಶಸ್ತ್ರಚಿಕಿತ್ಸೆ ಬೇಡವಾಗುವವರಿದ್ದಾರೆ. ಗದ್ದ ಬಡಿದು ಬಿದ್ದ ಮಗುವಿನ ಬಾಯಿ ತಿಂಗಳುಗಳ ಬಳಿಕ ತನ್ನದೇ ಮೂರು ಬೆರಳು ಹಿಡಿಸುವಷ್ಟೂ ತೆರೆಯದಿದ್ದರೆ ಮಾತ್ರ ಇಂಥ ಸಾಧನದ ಮಾತು ಆಮೇಲೆ. ಅಲ್ಲಿ ದವಡೆಕೀಲು ಬೆಸೆಯತೊಡಗಿರಬಹುದಾಗಿದ್ದು, ಅದನ್ನು ಬಿಡಿಸದೆ ಕೆಳದವಡೆ ಸರಿಯಾಗಿ ಬೆಳೆಯಲಾರದು.