ಹನ್ನೊಂದು ಕಾಂಟ್ರ್ಯಾಕ್ಟ್‌ಗಳ ರೆಸ್ಯೂಮೆ: ಸಾಲು ಹಿಡಿದು ಒಂದು ಓದು

ಹಳ್ಳಿಯ ಹಾಲಿನ ಡೇರಿಗಳಿಗೆ ಆ್ಯಪ್ ಮಾಡಿಕೊಡುವ ಸಣ್ಣ ಕಂಪನಿಯೊಂದಕ್ಕೆ ಆಂಡ್ರಾಯ್ಡ್ ಡೆವಲಪರ್ ಬೇಕು ಎಂದಿಟ್ಟುಕೊಳ್ಳೋಣ. ಬೆಳಗ್ಗೆ, ಸಂಜೆ ಹಾಲು ಅಳೆದಾಗ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎನ್ನುವುದು ಫೋನಿನಲ್ಲಿ ದಾಖಲಾಗಬೇಕು, ಸಿಗ್ನಲ್ ಇರಲಿ ಬಿಡಲಿ. ಬಂದವರು ಎರಡು ಮೂರು ವರ್ಷವಾದರೂ ಆ ಆ್ಯಪ್ ನೋಡಿಕೊಳ್ಳಬೇಕು. ಅರ್ಜಿ ಹಾಕಿದವರಲ್ಲಿ ಒಬ್ಬರು ಒಂದೇ ಕಡೆ ನೌಕರಿ ಮಾಡಿದವರಲ್ಲ. ವಿವರಿಸಲು ಅನುಕೂಲವಾಗಲೆಂದು ನಾನೇ ಕಟ್ಟಿದ ಮಾದರಿ ರೆಸ್ಯೂಮೆ ಇದು. ಆದರೆ ಇಂಥ ಸಾಲುಗಳು ಸಂದರ್ಶನಕ್ಕೆ ಕೂರುವವರ ಮುಂದೆ ದಿನವೂ ಬರುತ್ತವೆ.

“ಸ್ವತಂತ್ರ ಆಂಡ್ರಾಯ್ಡ್ ಡೆವಲಪರ್. ಜೂನ್ 2019 – ಮಾರ್ಚ್ 2025. 11 ಪ್ರಾಜೆಕ್ಟ್‌ಗಳು.”

ಆರು ವರ್ಷದೊಳಗೆ ಹನ್ನೊಂದು ಎಂದ ಕೂಡಲೇ ‘ಎಲ್ಲೂ ನಿಲ್ಲುವವರಲ್ಲ’ ಎಂದು ಪಕ್ಕಕ್ಕಿಡುವವರಿದ್ದಾರೆ. ಇದು ಅನ್ಯಾಯದ ಓದು. ನೌಕರಿ ಬಿಡುವುದು ನೌಕರನ ತೀರ್ಮಾನ. ಕಾಂಟ್ರ್ಯಾಕ್ಟ್ ಹಾಗಲ್ಲ, ಅದು ಮುಗಿಯುವ ದಿನ ಶುರುವಾಗುವ ಮೊದಲೇ ಕಾಗದದ ಮೇಲಿರುತ್ತದೆ. ನಾಲ್ಕು ತಿಂಗಳಿಗೆ ಒಪ್ಪಿದವರು ನಾಲ್ಕು ತಿಂಗಳಿಗೆ ಮುಗಿಸಿದರೆ ಅದು ಮಾತು ಉಳಿಸಿಕೊಂಡದ್ದಕ್ಕೆ ಸಾಕ್ಷಿ. ಹಾಗಾಗಿ ಎಷ್ಟು ಕಾಲ ಇದ್ದರು ಎನ್ನುವುದನ್ನು ಬಿಟ್ಟು, ಪ್ರತಿಯೊಂದು ಕೆಲಸ ಹೇಗೆ ಮುಗಿಯಿತು, ಮುಗಿದ ಮೇಲೆ ಏನಾಯಿತು ಎಂದು ನೋಡಬೇಕು.

ಅದಕ್ಕೂ ಮೊದಲು ಒಂದು ಹಾಳೆಯಲ್ಲಿ ತಿಂಗಳುಗಳ ಗೆರೆ ಎಳೆದು ಪ್ರತಿ ಕೆಲಸವನ್ನೂ ಅದರ ಮೇಲೆ ಗುರುತಿಸಿಕೊಳ್ಳುವುದು ಒಳ್ಳೆಯದು. ಇಲ್ಲಿರುವ ಒಟ್ಟು ಅವಧಿ 70 ತಿಂಗಳು, ಕೆಲಸದ ತಿಂಗಳುಗಳನ್ನು ಕೂಡಿದರೆ 52. ಈ ವೃತ್ತಿಯಲ್ಲಿ ಅಷ್ಟು ಬಿಡುವು ಸಹಜ. ಮುಂದಿನ ಕೆಲಸ ಹುಡುಕುವುದು, ದರ ಕುದುರಿಸುವುದು, ಬಾಕಿ ಹಣಕ್ಕೆ ಅಲೆಯುವುದು, ಎಲ್ಲವೂ ಆ ಬಿಡುವಿನಲ್ಲೇ ನಡೆಯುತ್ತದೆ. ಮೊತ್ತ 90 ತಿಂಗಳು ಬಂದಿದ್ದರೆ ಮಾತ್ರ ಒಂದೇ ಹೊತ್ತಿಗೆ ಎಷ್ಟು ಕೆಲಸ, ವಾರಕ್ಕೆ ಎಷ್ಟು ಗಂಟೆ ಎಂದು ಕೇಳಲೇಬೇಕಾಗುತ್ತಿತ್ತು.

“ಶಾಲಾ ಬಸ್ ಟ್ರ್ಯಾಕಿಂಗ್ ಆ್ಯಪ್. ಫೆಬ್ರವರಿ – ಮಾರ್ಚ್ 2020.”

ಎರಡೇ ತಿಂಗಳು ಎಂದು ಹುಬ್ಬೇರಿಸುವ ಮೊದಲು ದಿನಾಂಕ ನೋಡಿ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಶಾಲೆಗಳು ಮುಚ್ಚಿದವು, ಬಸ್‌ಗಳು ನಿಂತವು. ಇಲ್ಲಿ ಕೇಳಲು ಹೆಚ್ಚೇನೂ ಇಲ್ಲ.

“ಔಷಧ ವಿತರಕರ ಆರ್ಡರ್ ಆ್ಯಪ್. ಫೆಬ್ರವರಿ – ಜೂನ್ 2021. ನೆಟ್‌ವರ್ಕ್ ಇಲ್ಲದಾಗಲೂ ಆರ್ಡರ್ ಬರೆಯುವ ವ್ಯವಸ್ಥೆ.”
“ಅದೇ ಗ್ರಾಹಕ, ಎರಡನೇ ಆವೃತ್ತಿ. ಸೆಪ್ಟೆಂಬರ್ – ನವೆಂಬರ್ 2022.”
“ಅದೇ ಗ್ರಾಹಕ, ವರದಿಗಳು. ಜನವರಿ – ಫೆಬ್ರವರಿ 2024.”

ಈ ರೆಸ್ಯೂಮೆಯ ಜೀವ ಇರುವುದು ಈ ಮೂರು ಸಾಲುಗಳಲ್ಲಿ. ಹನ್ನೊಂದು ಪ್ರಾಜೆಕ್ಟ್ ಎಂದದ್ದು ನಿಜವಾಗಿ ಒಂಬತ್ತು ಗ್ರಾಹಕರು. ಅವರಲ್ಲಿ ಒಬ್ಬರು ಮೂರು ಸಲ ಕರೆದಿದ್ದಾರೆ. ಕೂಡಿದರೆ ಹತ್ತೇ ತಿಂಗಳ ಕೆಲಸ, ಆದರೆ ಒಡನಾಟ ಮೂರು ವರ್ಷದ್ದು. ಕೆಲಸ ಕೆಟ್ಟಿದ್ದರೆ ವಿತರಕರು ತಮ್ಮ ಜೇಬಿನಿಂದ ಎರಡನೇ ಸಲ ದುಡ್ಡು ತೆಗೆಯುತ್ತಿರಲಿಲ್ಲ.

ಗಿಡ್ಡ ಕಾಂಟ್ರ್ಯಾಕ್ಟ್‌ಗಳ ಬಗ್ಗೆ ಇರುವ ನ್ಯಾಯವಾದ ಅನುಮಾನ ಒಂದೇ: ತಾವು ಬರೆದದ್ದು ಒಂದೂವರೆ ವರ್ಷ ಬಳಕೆಯಾದ ಮೇಲೆ ಎಲ್ಲಿ ಕೈಕೊಟ್ಟಿತು ಎಂದು ಇವರು ಕಂಡಿದ್ದಾರೆಯೇ? ಬರೆದುಕೊಟ್ಟು ಹೊರಟವರಿಗೆ ಆ ಪಾಠ ಸಿಗುವುದಿಲ್ಲ. ಮರಳಿ ಹೋದವರಿಗೆ ಸಿಕ್ಕಿರುತ್ತದೆ. ಅದಕ್ಕೇ ಸಂದರ್ಶನದಲ್ಲಿ ನಾನು ಕೇಳುವ ಪ್ರಶ್ನೆ ಇದು: “ಎರಡನೇ ಆವೃತ್ತಿಗೆ ಕೂತಾಗ ಮೊದಲು ನೀವೇ ಬರೆದದ್ದರಲ್ಲಿ ಏನನ್ನು ಕಿತ್ತುಹಾಕಿದಿರಿ? ಯಾಕೆ?”

ಒಳ್ಳೆಯ ಉತ್ತರ ಹೀಗಿರುತ್ತದೆ. ಮೊದಲ ಆವೃತ್ತಿಯಲ್ಲಿ ಸಿಗ್ನಲ್ ಬಂದ ಕೂಡಲೇ ಫೋನು ಆರ್ಡರನ್ನು ಸರ್ವರ್‌ಗೆ ಕಳಿಸುತ್ತಿತ್ತು. ಆರ್ಡರ್ ತಲುಪುತ್ತಿತ್ತು, ಆದರೆ ‘ತಲುಪಿತು’ ಎಂಬ ಉತ್ತರ ಬರುವಷ್ಟರಲ್ಲಿ ಕೆಲವೊಮ್ಮೆ ಸಿಗ್ನಲ್ ಹೋಗುತ್ತಿತ್ತು. ಉತ್ತರ ಬರಲಿಲ್ಲವೆಂದು ಫೋನು ಮತ್ತೆ ಕಳಿಸುತ್ತಿತ್ತು. ಅಂಗಡಿಗೆ ಒಂದೇ ಔಷಧ ಎರಡು ಸಲ ಹೋಗುತ್ತಿತ್ತು. ಎರಡನೇ ಆವೃತ್ತಿಯಲ್ಲಿ, ಆರ್ಡರ್ ಬರೆದ ಕ್ಷಣದಲ್ಲೇ ಫೋನು ಅದಕ್ಕೊಂದು ವಿಶಿಷ್ಟ ಗುರುತಿನ ಸಂಖ್ಯೆ ಕೊಡುವಂತೆ ಮಾಡಿದರು. ಎಷ್ಟು ಸಲ ಬಂದರೂ ಸಂಖ್ಯೆ ಒಂದೇ ಆದ್ದರಿಂದ ಸರ್ವರ್ ಒಂದೇ ಆರ್ಡರ್ ಎಂದು ಗುರುತಿಸುತ್ತದೆ. ಹಾಲಿನ ಡೇರಿಯಲ್ಲಿ ಬರುವ ತೊಡಕೂ ಇದೇ. ಒಬ್ಬ ರೈತನ ಆರು ಲೀಟರ್ ಎರಡು ಸಲ ದಾಖಲಾದರೆ ಲೆಕ್ಕ ತಪ್ಪುತ್ತದೆ, ಜೊತೆಗೆ ಸಂಘದೊಳಗೆ ಜಗಳ ಹುಟ್ಟುತ್ತದೆ. ಇದನ್ನು ಒಮ್ಮೆ ಅನುಭವಿಸಿ ಸರಿಪಡಿಸಿದವರು, ಒಂದೇ ಕಂಪನಿಯಲ್ಲಿ ಐದು ವರ್ಷ ಬೇರೇನೋ ಮಾಡಿದವರಿಗಿಂತ ಈ ಕೆಲಸಕ್ಕೆ ಹತ್ತಿರದವರು.

“ಏನೂ ತೆಗೆಯಲಿಲ್ಲ, ಹೊಸದನ್ನು ಸೇರಿಸಿದೆ ಅಷ್ಟೇ” ಎಂದರೆ ಎಚ್ಚರವಾಗಬೇಕು. ಮೊದಲ ಆವೃತ್ತಿ ಬೇರೆಯವರದಾಗಿರಬಹುದು, ಅಥವಾ ಬಳಕೆಯಲ್ಲಿ ಏನಾಯಿತೆಂದು ಇವರಿಗೆ ಯಾರೂ ಹೇಳದೆ ಇರಬಹುದು.

“ಹಣಕಾಸು ಕ್ಷೇತ್ರದ ಗ್ರಾಹಕ (ಹೆಸರು ಗೌಪ್ಯ). ಡಿಸೆಂಬರ್ 2022 – ಮಾರ್ಚ್ 2023.”

ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವರನ್ನು ಹೆಸರು ಹೇಳಿ ಎಂದು ಒತ್ತಾಯಿಸಬಾರದು. ಹೇಳಿಬಿಟ್ಟರೆ ನಾಳೆ ನಮ್ಮ ವಿಷಯವನ್ನೂ ಹೇಳುತ್ತಾರೆ. ಕೆಲಸ ನಡೆದದ್ದು ನಿಜವೇ ಎಂದು ತಿಳಿಯಲು ಬೇರೆ ದಾರಿಗಳಿವೆ. ಫ್ರೀಲಾನ್ಸರ್ ಬಳಿ ರಿಲೀವಿಂಗ್ ಲೆಟರ್ ಇರುವುದಿಲ್ಲ, ಆದರೆ ಇನ್‌ವಾಯ್ಸ್ ಇರುತ್ತದೆ. ಗ್ರಾಹಕ ಕಂಪನಿ ಶುಲ್ಕದಲ್ಲಿ ಟಿಡಿಎಸ್ ಕಡಿತ ಮಾಡಿ ಕಟ್ಟಿದ್ದರೆ ಅಭ್ಯರ್ಥಿಯ ಫಾರ್ಮ್ 26ಎಎಸ್‌ನಲ್ಲಿ ಅದು ದಿನಾಂಕ ಸಮೇತ ಕಾಣುತ್ತದೆ. ಹೆಸರು, ಮೊತ್ತ ಮುಚ್ಚಿ ತೋರಿಸಿದರೂ ನಮಗೆ ಸಾಕು. ಗ್ರಾಹಕರು ವಿದೇಶದವರಾಗಿದ್ದರೆ ಅಂಥ ಟಿಡಿಎಸ್ ಸಾಮಾನ್ಯವಾಗಿ ಇರುವುದಿಲ್ಲ. ಆಗ ಹಣ ಬಂದ ಬ್ಯಾಂಕ್ ದಾಖಲೆ ನೋಡಬೇಕು.

“ಸ್ಟಾಫಿಂಗ್ ಸಂಸ್ಥೆಯ ಮೂಲಕ, ಒಂದು ಬ್ಯಾಂಕಿನ ಆ್ಯಪ್ ತಂಡದಲ್ಲಿ. ಏಪ್ರಿಲ್ 2024 – ಮಾರ್ಚ್ 2025.”

ಹಿನ್ನೆಲೆ ಪರಿಶೀಲನೆಯಲ್ಲಿ ಎಡವಟ್ಟಾಗುವ ಸಾಲು ಇದು. ಕೂತು ಕೆಲಸ ಮಾಡಿದ್ದು ಬ್ಯಾಂಕಿನಲ್ಲಿ, ಸಂಬಳ ಕೊಟ್ಟದ್ದು ಸ್ಟಾಫಿಂಗ್ ಸಂಸ್ಥೆ. ಪಿಎಫ್ ದಾಖಲೆಯಲ್ಲಿ ಇರುವುದು ಎರಡನೆಯದರ ಹೆಸರು. ಪರಿಶೀಲಿಸುವವರು ಬ್ಯಾಂಕಿಗೆ ಬರೆದರೆ ‘ಇಂಥವರು ನಮ್ಮ ನೌಕರರಲ್ಲ’ ಎಂಬ ಉತ್ತರ ಬರುತ್ತದೆ, ಪ್ರಾಮಾಣಿಕ ಅಭ್ಯರ್ಥಿ ಸುಳ್ಳುಗಾರರಾಗಿಬಿಡುತ್ತಾರೆ. ಇವರು ಎರಡನ್ನೂ ಬಿಡಿಸಿ ಬರೆದಿದ್ದಾರೆ. ಆ ವಿವರವನ್ನು ಪರಿಶೀಲನೆಗೆ ಕಳಿಸುವಾಗ ಎಚ್‌ಆರ್‌ನವರು ಮರೆಯಬಾರದು.

ಹನ್ನೆರಡು ತಿಂಗಳು ಒಂದೇ ತಂಡದಲ್ಲಿದ್ದದ್ದು ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ: ಬೇರೆಯವರು ಬರೆದದ್ದನ್ನು ಓದಿ ತಿದ್ದುವುದು, ತಮ್ಮದನ್ನು ಬೇರೆಯವರು ತಿದ್ದಿದಾಗ ಒಪ್ಪುವುದು ಇವರಿಗೆ ಅಭ್ಯಾಸವಿದೆ. ಒಬ್ಬರೇ ಮಾಡಿದ ಪ್ರಾಜೆಕ್ಟ್‌ಗಳಿಂದ ಇದು ತಿಳಿಯುತ್ತಿರಲಿಲ್ಲ.

“ರೆಫರೆನ್ಸ್: ಕೇಳಿದಲ್ಲಿ ಒದಗಿಸಲಾಗುವುದು.”

ಕೇಳಿ. ಔಷಧ ವಿತರಕರನ್ನೇ ಕೇಳಿ. ‘ಹೇಗೆ ಕೆಲಸ ಮಾಡುತ್ತಾರೆ’ ಎಂದರೆ ‘ಚೆನ್ನಾಗಿ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯದು. 2021ರ ಜೂನ್‌ನಲ್ಲಿ ಇವರು ಹೊರಟ ಮೇಲೆ ಆ್ಯಪನ್ನು ಯಾರು ನೋಡಿಕೊಂಡರು, ಅವರಿಗೆ ಏನೇನು ಬರೆದುಕೊಟ್ಟು ಹೋದರು, ನಡುವೆ ಕೆಟ್ಟಾಗ ಫೋನ್ ಮಾಡಿದರೆ ಎತ್ತಿದರೇ ಎಂದು ಕೇಳಿ.

ಇಷ್ಟಾದ ಮೇಲೂ ಒಂದು ಪ್ರಶ್ನೆಗೆ ಈ ಹಾಳೆಯಲ್ಲಿ ಉತ್ತರವಿಲ್ಲ: ಎರಡು ಮೂರು ವರ್ಷ ಒಂದೇ ಆ್ಯಪಿನ ಜೊತೆ ಇರಲು ಇವರಿಗೆ ಮನಸ್ಸಿದೆಯೇ? ಅದನ್ನು ಅಭ್ಯರ್ಥಿಯನ್ನೇ ನೇರವಾಗಿ ಕೇಳಬೇಕು. ಕೇಳುವಾಗ ನಮ್ಮ ಕಡೆಯ ಸತ್ಯವನ್ನೂ ಮುಂದಿಡಬೇಕು. ಮೊದಲ ಆರು ತಿಂಗಳು ಹೊಸದಾಗಿ ಕಟ್ಟುವ ಕೆಲಸ, ಆಮೇಲಿನದು ಹೆಚ್ಚಾಗಿ ರಿಪೇರಿ. ಬೆಳಗ್ಗೆ ಆರಕ್ಕೆ ಡೇರಿಯಿಂದ ಕರೆ ಬರಬಹುದು. ಇದನ್ನು ಕೇಳಿ, “ಕಟ್ಟುವ ತನಕ ಬರುತ್ತೇನೆ, ಆಮೇಲಿನದಕ್ಕೆ ಒಬ್ಬರನ್ನು ತಯಾರು ಮಾಡಿಕೊಡುತ್ತೇನೆ” ಎಂದು ಅವರು ಹೇಳಿದರೆ, ಆ ಆರು ತಿಂಗಳ ಕಾಂಟ್ರ್ಯಾಕ್ಟನ್ನು ಅವರಿಗೇ ಕೊಟ್ಟು, ಕಾಯಂ ಹುದ್ದೆಗೆ ಹುಡುಕಾಟ ಮುಂದುವರಿಸುವುದು ಇಬ್ಬರಿಗೂ ಅನುಕೂಲ.