ಹೆಸರು ಕೂಗುವ ತನಕ

ಶಹಾಪುರದ ಗೆಳತಿಯೊಬ್ಬಳು ಬರೆದ, ಇನ್ನೂ ಅಚ್ಚಾಗದ ಕಥೆಯೊಂದನ್ನು ಮೊನ್ನೆ ಓದಿದೆ. ಸುರಪುರ ಸೀಮೆಯ ಹೆಣ್ಣುಮಗಳೊಬ್ಬಳು ಸಮನ್ಸು ಹಿಡಿದು ಕೋರ್ಟಿನ ಗಿಜಿಗುಡುವ ಪಡಸಾಲೆಯಲ್ಲಿ ದಿನವಿಡೀ ಕಾಯುತ್ತಾಳೆ, ಕಥೆಯೆಂದರೆ ಅಷ್ಟೇ. ನೀರಡಿಸಿದರೂ ಆಕೆ ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕು. ಆಗಲೇ ಜವಾನ ಹೆಸರು ಕೂಗಿಬಿಟ್ಟರೆ? ಸಾಕ್ಷಿ ಬಂದಿಲ್ಲವೆಂದು ಬರೆದುಕೊಂಡರೆ ವಾರಂಟೇ ಮನೆಗೆ ಬಂದೀತು. ಗಂಡಸರು ಬರೆದಿದ್ದರೆ ಈ ಭಯ ಕಥೆಯೊಳಗೆ ಬರುತ್ತಿತ್ತೋ ಇಲ್ಲವೋ.

ಒಬ್ಬರ ಹೇಳಿಕೆ ಇನ್ನೊಬ್ಬರ ಕಿವಿಗೆ ಬೀಳಬಾರದೆಂದೇ ಸಾಕ್ಷಿಗಳನ್ನು ಹೊರಗೆ ಕೂಡಿಸುತ್ತಾರೆ. ಆದರೆ ಹೊರಗೆ ಅದೇ ಬೆಂಚಿನ ಮೇಲೆ ಆರೋಪಿಯ ತಾಯಿ ಕೂತಿದ್ದಾಳೆ. "ಊಟ ಆತೇನವ್ವ?" ಎನ್ನುತ್ತಾಳೆ. ಬೆದರಿಕೆಯ ಮಾತೇ ಅಲ್ಲ. ಆದರೂ ಓದುತ್ತ ನನ್ನ ಮೈ ಜುಮ್ಮೆಂದಿತು.

ನನ್ನ ತಕರಾರು ಕೊನೆಯ ಪುಟದ್ದು. ಸಂಜೆ ಆಕೆಯನ್ನು ಕರೆಯುತ್ತಾರೆ. ಆರೋಪಿಯ ವಕೀಲರು ವೇಳೆ ಕೇಳುತ್ತಾರೆ, ಬೇರೆ ತಾರೀಖು ಬೀಳುತ್ತದೆ. ಲೇಖಕಿ ಇದನ್ನು ಹಣೆಬರಹದಂತೆ ಬರೆದಿದ್ದಾಳೆ. ಅದು ಹಣೆಬರಹವಲ್ಲ. ಕ್ರಿಮಿನಲ್ ಕೇಸಿನಲ್ಲಿ ಹಾಜರಿರುವ ಸಾಕ್ಷಿಯನ್ನು ವಿಚಾರಿಸದೆ ಮುಂದೂಡಬೇಕಾದರೆ ವಿಶೇಷ ಕಾರಣ ಬರೆದಿಡಬೇಕೆಂದು 1973ರ ಸಂಹಿತೆಯಲ್ಲಿಯೇ ಇತ್ತು, ಅದರ ಜಾಗಕ್ಕೆ ಬಂದ 2023ರ ಕಾನೂನಿನಲ್ಲಿಯೂ ಇದೆ. ಸಾಕ್ಷಿಯ ಖರ್ಚು ಕೊಡಿಸಲೂ ಕೋರ್ಟಿಗೆ ಅಧಿಕಾರವುಂಟು. ಆ ಕಾರಣವೇನೆಂದಾಗಲಿ, ಹೋದ ಕೂಲಿ, ಬಸ್ಸಿನ ಚಾರ್ಜು ಎಷ್ಟೆಂದಾಗಲಿ ಕಥೆಯಲ್ಲಿ ಯಾರೂ ಕೇಳುವುದಿಲ್ಲ, ಬರೆದವಳೂ ಕೇಳಿಲ್ಲ.