ಅಭಿಸಂಧಿಯೂ ಮುನ್ನರಿವೂ: ಆತತಾಯಿವಧೆಯಲ್ಲಿ ಅಕ್ವೈನಾಸನೂ ವಿಜ್ಞಾನೇಶ್ವರನೂ

ತನ್ನನ್ನು ಕೊಲ್ಲಲು ಬಂದವನನ್ನು ತಡೆಯುವಾಗ ಅವನು ಸತ್ತರೆ, ತಡೆದವನಿಗೆ ನರಹತ್ಯಾದೋಷವುಂಟೆ? ಇಟಲಿಯ ತೋಮಾಸ್ ಅಕ್ವೈನಾಸನು 13ನೆಯ ಶತಮಾನದಲ್ಲಿ ರಚಿಸಿದ 'ಸುಮ್ಮಾ ಥಿಯೊಲೋಜಿಯೆ' ಎಂಬ ಗ್ರಂಥದ ಎರಡನೆಯ ಭಾಗದ ಉತ್ತರಾರ್ಧದಲ್ಲಿ, 64ನೆಯ ಪ್ರಶ್ನೆಯ 7ನೆಯ ಪ್ರಕರಣದಲ್ಲಿ ಇದನ್ನು ವಿಚಾರಿಸಿದ್ದಾನೆ. ಒಂದೇ ಕರ್ಮಕ್ಕೆ ಎರಡು ಫಲಗಳಿರಬಹುದು. ಅವುಗಳಲ್ಲಿ ಒಂದು ಮಾತ್ರ ಉದ್ದಿಷ್ಟವಾಗಿದ್ದು ಮತ್ತೊಂದು ಉದ್ದೇಶದ ಹೊರಗಿರಬಹುದು. ಕರ್ಮದ ಸ್ವರೂಪವು ಉದ್ದಿಷ್ಟಫಲದಿಂದಲೇ ನಿರ್ಣೀತವಾಗುತ್ತದೆ ಎಂಬುದು ಅವನ ಮತ. ಪಾಶ್ಚಾತ್ಯರ 'ದ್ವಿಫಲನ್ಯಾಯ'ಕ್ಕೆ ಈ ಪ್ರಕರಣವೇ ಬೀಜವೆಂದು ಪ್ರಸಿದ್ಧಿ.

ಇದಕ್ಕೆ ನೂರೈವತ್ತು ವರ್ಷಗಳಷ್ಟು ಹಿಂದೆ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದಾಗ, ವಿಜ್ಞಾನೇಶ್ವರನು ಮಿತಾಕ್ಷರೆಯ ವ್ಯವಹಾರಾಧ್ಯಾಯದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದಾನೆ. ಗುರುವಾಗಲಿ ಬಾಲನಾಗಲಿ ಆತತಾಯಿಯನ್ನು ಕೊಲ್ಲಬಹುದೆಂಬ ಮನುವಚನವನ್ನು ಅವನು ವಿಧಿಯೆಂದು ಒಪ್ಪದೆ ಅರ್ಥವಾದವೆಂದು ತಳ್ಳಿ, ಬ್ರಾಹ್ಮಣಾದಿ ಆತತಾಯಿಗಳನ್ನು ಆತ್ಮರಕ್ಷಣೆಗಾಗಿ, ಹಿಂಸೆಯ ಅಭಿಸಂಧಿಯಿಲ್ಲದೆ ತಡೆಯುತ್ತಿರುವಾಗ ಅವರು ಪ್ರಮಾದದಿಂದ ಸತ್ತರೆ ಲಘುಪ್ರಾಯಶ್ಚಿತ್ತವುಂಟು, ರಾಜದಂಡವಿಲ್ಲ ಎಂದು ನಿರ್ಣಯಿಸುತ್ತಾನೆ. ವಧನಿಷೇಧವು ವಿಶೇಷವಾಗಿರುವವರ ವಿಷಯದಲ್ಲಿ ಹೇಳಿದ ಮಾತಿದು. ಎಲ್ಲ ಆತತಾಯಿಗಳಿಗೂ ಇದನ್ನು ವಿಸ್ತರಿಸಲಾಗದು.

ಈ ಎರಡು ವಾಕ್ಯಗಳನ್ನು ಜೊತೆಗಿಟ್ಟು ನೋಡಿದವರಿಗೆ, ಪಾಶ್ಚಾತ್ಯರ ನ್ಯಾಯವು ನಮ್ಮಲ್ಲಿ ಮೊದಲೇ ಇತ್ತೆಂದು ಹೆಮ್ಮೆಪಡುವ ಆಸೆ ಸಹಜ. ಆದರೆ 'ಪ್ರಮಾದ' ಎಂಬ ಒಂದು ಪದವು ಆ ಆಸೆಗೆ ಅಡ್ಡಬರುತ್ತದೆ. ಪ್ರಮಾದವೆಂದರೆ ಅನವಧಾನ. ಕೋಲಿನಿಂದ ಆತತಾಯಿಯ ಕೈಗೆ ಹೊಡೆಯಹೋದಾಗ ಏಟು ತಪ್ಪಿ ತಲೆಗೆ ಬಿದ್ದು ಅವನು ಸತ್ತರೆ ಅದು ಪ್ರಮಾದ. ಅಲ್ಲಿ ಮರಣವು ಉದ್ದಿಷ್ಟವೂ ಅಲ್ಲ, ಮುಂದಾಗಿ ತಿಳಿದದ್ದೂ ಅಲ್ಲ. ದ್ವಿಫಲನ್ಯಾಯದ ಕಠಿನಸ್ಥಳವಾದರೋ ಬೇರೆ: ಇವನು ಸಾಯುವನೆಂದು ಬಲ್ಲೆ, ಆದರೂ ಸಾಯಿಸಬೇಕೆಂದು ಬಯಸೆನು ಎನ್ನುವವನ ಸ್ಥಿತಿ ಅಲ್ಲಿಯದು. ಮಿತಾಕ್ಷರೆಯ ವಾಕ್ಯವು ಈ ಮಧ್ಯಮಕಕ್ಷ್ಯೆಯನ್ನು ಮುಟ್ಟುವುದೇ ಇಲ್ಲ. ಅಕ್ವೈನಾಸನ ವಾಕ್ಯವೂ ಅದನ್ನು ಸ್ಪಷ್ಟವಾಗಿ ಮುಟ್ಟುವುದೆಂದು ಹೇಳುವಂತಿಲ್ಲ. 'ಉದ್ದೇಶದ ಹೊರಗೆ' ಎಂಬುದು ತಿಳಿದೂ ಬಯಸದುದಕ್ಕೆ ಸಲ್ಲುವಂತೆ ಆಕಸ್ಮಿಕಕ್ಕೂ ಸಲ್ಲುತ್ತದೆ. ಅಗತ್ಯಕ್ಕಿಂತ ಹೆಚ್ಚು ಬಲವನ್ನು ಬಳಸಿದರೆ ದೋಷವೆಂದೂ, ರಾಜಾಧಿಕಾರವಿಲ್ಲದ ಸಾಮಾನ್ಯನು ಆತ್ಮರಕ್ಷಣೆಗೆಂದೇ ಆದರೂ ಕೊಲ್ಲುವ ಉದ್ದೇಶವನ್ನು ತಾಳಬಾರದೆಂದೂ ಅವನು ಸೇರಿಸಿರುವುದನ್ನು ಮಾತ್ರ ಮರೆಯಲಾಗದು. ಮುನ್ನರಿತ ಹಾನಿಗೆ ನಿಯಮಗಳನ್ನು ಕಟ್ಟಿದವರು ತರುವಾಯದ ಟೀಕಾಕಾರರು. ಕರ್ಮವು ಸ್ವತಃ ನಿಷಿದ್ಧವಾಗಿರಬಾರದು. ಕೆಟ್ಟ ಫಲವನ್ನು ಬಯಸಬಾರದು. ಅದು ಒಳ್ಳೆಯ ಫಲಕ್ಕೆ ಸಾಧನವಾಗಬಾರದು. ಒಳ್ಳೆಯದು ಕೆಟ್ಟುದಕ್ಕೆ ತೂಗುವಷ್ಟಿರಬೇಕು.

ಮುನ್ನರಿತೂ ಬಯಸದ ವಸ್ತುವಿಗೆ ಶಾಸ್ತ್ರದಲ್ಲಿ ಹೆಸರಿಲ್ಲದಿಲ್ಲ. ಅನ್ನಾರ್ಥಿಯು ಬತ್ತವನ್ನು ತರುವಾಗ ಹೊಟ್ಟನ್ನೂ ಹುಲ್ಲನ್ನೂ ಜೊತೆಗೇ ತರುತ್ತಾನೆ. ಬೇಕೆಂದಲ್ಲ, ಬಿಟ್ಟುತರಲು ಬಾರದೆಂದು. ಪತಂಜಲಿಯು ಮಹಾಭಾಷ್ಯದಲ್ಲಿ ಇದನ್ನು ನಾಂತರೀಯಕವೆನ್ನುತ್ತಾನೆ. ಮುನ್ನರಿತ ಹಾನಿಯೆಲ್ಲವೂ ಈ ಹೊಟ್ಟಿನಂತೆಯೇ ಎಂದರೆ ದ್ವಿಫಲನ್ಯಾಯವು ಸುಲಭವಾಗಿ ನಿಲ್ಲುತ್ತದೆ. ಆದರೆ 1967ರಲ್ಲಿ ಆಂಗ್ಲ ವಿದುಷಿ ಫಿಲಿಪ್ಪಾ ಫುಟ್ ಅವರು ಚರ್ಚಿಸಿದ ಒಂದು ದೃಷ್ಟಾಂತವು ಹಾಗೆನ್ನಲು ಬಿಡುವುದಿಲ್ಲ. ಗುಹೆಯನ್ನು ಹೊಕ್ಕ ಒಂದು ತಂಡದ ಸ್ಥೂಲಕಾಯನೊಬ್ಬನು ಹೊರಬರುವಾಗ ಬಾಯಲ್ಲಿ ಸಿಕ್ಕಿಕೊಂಡಿದ್ದಾನೆ, ಒಳಗೆ ನೀರೇರುತ್ತಿದೆ, ಉಳಿದವರ ಬಳಿ ಸಿಡಿಮದ್ದಿದೆ. ಮದ್ದನ್ನು ಸಿಡಿಸಿ, 'ನಾವು ಅವನನ್ನು ಚೂರುಮಾಡಿ ದಾರಿ ಬಿಡಿಸಿಕೊಳ್ಳಲು ಬಯಸಿದೆವು, ಅವನ ಮರಣವನ್ನು ಬಯಸಲಿಲ್ಲ' ಎಂದರೆ ಯಾರು ಒಪ್ಪುವರು?

ಹೊಟ್ಟು ಹೇಗೆ ಬರುತ್ತದೆಂಬುದನ್ನು ನೋಡಿದರೆ ವ್ಯತ್ಯಾಸ ತೋರುವುದು. ಅಕ್ಕಿ ದೊರೆಯುವುದು ಹೊಟ್ಟಿನಿಂದಲ್ಲ. ಹೊಟ್ಟು ಮಾಯವಾಗಿದ್ದರೂ ಅನ್ನಾರ್ಥಿಗೆ ನಷ್ಟವಿಲ್ಲ. ಗುಹೆಯಲ್ಲಾದರೆ ದಾರಿ ಬಿಡುವುದು ಆ ಶರೀರದ ಭೇದನದಿಂದಲೇ. ಅವನು ಇದ್ದಂತೆ ಇದ್ದರೆ ಉದ್ಯಮವೇ ವ್ಯರ್ಥ. ಭೇದನವನ್ನು ಬಯಸಿ ಮರಣವನ್ನು ಬಯಸಲಿಲ್ಲವೆನ್ನುವುದು ಶಬ್ದಭೇದವೇ ಹೊರತು ಅಭಿಸಂಧಿಭೇದವಲ್ಲ. ಯುದ್ಧದಲ್ಲಿ ಶಸ್ತ್ರಾಗಾರಕ್ಕೆ ಹಾಕಿದ ಬಾಂಬಿನಿಂದ ಸಮೀಪದ ನಿರಾಯುಧರು ಸತ್ತರೆ, ಅವರು ಬದುಕುಳಿದಿದ್ದರೂ ಹಾಕಿದವನ ಕಾರ್ಯ ಸಿದ್ಧಿಸುತ್ತಿತ್ತು. ಶತ್ರುವಿನ ಧೈರ್ಯಗೆಡಿಸಲು ಪಟ್ಟಣದ ಮೇಲೆಯೇ ಹಾಕಿದವನಿಗೆ ಅವರ ಮರಣವೇ ಸಾಧನ. 1945ರ ಬಾಂಬುಗಳಿಗೆ ಅಪ್ಪಣೆಯಿತ್ತ ಟ್ರೂಮನ್ನನಿಗೆ ಆಕ್ಸ್‌ಫರ್ಡಿನ ಗೌರವಪದವಿ ಸಲ್ಲದೆಂದು 1956ರಲ್ಲಿ ಎಲಿಜಬೆತ್ ಆನ್ಸ್ಕೋಂಬ್ ಅವರು ವಿರೋಧಿಸಿದುದು ನಿರಪರಾಧಿಗಳ ಮರಣವನ್ನು ಸಾಧನವಾಗಿಸಿದ ಈ ಎಡೆಯನ್ನು ಹಿಡಿದೇ. ಆದರೆ ಶಸ್ತ್ರಾಗಾರದ ಪಕ್ಕದಲ್ಲಿ ಸತ್ತವರನ್ನು ಹೊಟ್ಟೆಂದು ಎಣಿಸಿದಾಗ, ಹೊಟ್ಟನ್ನು ಬಿಸುಡುವಂತೆ ಅವರನ್ನು ಲೆಕ್ಕದಿಂದ ಬಿಸುಡುವ ಅಪಾಯವೂ ಈ ನ್ಯಾಯದಲ್ಲಿದೆ. ನಾಲ್ಕು ನಿಯಮಗಳೂ ಕೂಡಿಬಂದಮೇಲೆ ಕರ್ತನಿಗೆ ಮತ್ತೇನೂ ಉಳಿಯುವುದೆಂದು ಅವು ಹೇಳುವುದಿಲ್ಲ. ಪ್ರಮಾದದಿಂದಾದ ಮರಣಕ್ಕೂ, ರಾಜದಂಡವನ್ನು ಬಿಟ್ಟ ಬಳಿಕವೂ, ವಿಜ್ಞಾನೇಶ್ವರನು ಲಘುಪ್ರಾಯಶ್ಚಿತ್ತವನ್ನು ಉಳಿಸಿದ್ದಾನೆ. ಹಾಗಿರಲು ಬಲ್ಲವನಾಗಿ ಮಾಡಿದುದಕ್ಕೆ ಅದಕ್ಕಿಂತ ಕಡಿಮೆಯಾದುದನ್ನು ಅವನು ವಿಧಿಸುತ್ತಿದ್ದನೆಂದು ಊಹಿಸಲು ಆಧಾರವಿಲ್ಲ.